ಮೂರನೆಯ ಕಾರ್ಡು ಬರುವ ತನಕ

ಗಂಡನ ಹೆಸರು ಬಾಯಲ್ಲಿ ಹೇಳಬಾರದು ಅನ್ನುತ್ತಾರೆ. ಅವನೇ ಇಲ್ಲದ ಮೇಲೆ ಇನ್ನು ಯಾರಿಗೆ ಅಂಜಲಿ. ಅವನ ಹೆಸರು ಮಾದ. ಹೋದ ಆಟಿ ತಿಂಗಳ ಮಳೆಯಲ್ಲಿ ತೀರಿಕೊಂಡ. ಜ್ವರ ಬಂತು, ಎದೆಗೆ ಇಳಿಯಿತು, ಹೋದ. ಅದರ ಬಗ್ಗೆ ಬರೆಯಲು ನನ್ನ ಹತ್ತಿರ ಇನ್ನೇನೂ ಇಲ್ಲ.

ಅವನು ಈ ಮನೆಯನ್ನು ಹೇಗೆ ಗೆದ್ದ ಅನ್ನುವುದನ್ನು ಬರೆಯುತ್ತೇನೆ. ಗೆದ್ದ ಅಂತಲೇ ಬರೆಯುತ್ತೇನೆ. ನಾನು ಮಿಶನ್ ಶಾಲೆಯಲ್ಲಿ ಎರಡನೇ ಕ್ಲಾಸಿನ ತನಕ ಕೂತವಳು. ತಪ್ಪಿದ್ದರೆ ಓದುವವರು ಸರಿ ಮಾಡಿಕೊಳ್ಳಿ. ಮಾದನಿಗೆ ಅಷ್ಟೂ ಬರುತ್ತಿರಲಿಲ್ಲ. ಅವನ ಕಾಗದಗಳನ್ನು ಓದಿ ಹೇಳಿದವಳು ನಾನು. ಅವನು ಹೇಳಿದ್ದನ್ನು ಬರೆದವಳೂ ನಾನು. ಹಲ್ಲು ಕಚ್ಚಿಕೊಂಡು ಬರೆದೆ.

ಮಾದ ಕುದುರೆ ನೋಡಿಕೊಳ್ಳುವವನು. ಮಡಿಕೇರಿಯ ಕೆಳಗಿನ ಇಳಿಜಾರಿನಲ್ಲಿ ಆಗಾ ಸಾಹೇಬರ ಲಾಯ ಇತ್ತು. ಆಗಾ ಸಾಹೇಬರು ಪಾರಸಿ ದೇಶದವರು, ಶಿರಾಜ್ ಅನ್ನುವ ಊರು. ಅವರ ಅಪ್ಪನ ಕಾಲದಲ್ಲಿ ಕುದುರೆಗಳ ಜೊತೆ ಹಡಗು ಹತ್ತಿ ಬಂದರಂತೆ. ದೊಡ್ಡ ಮನೆ ಬೆಂಗಳೂರಿನಲ್ಲಿ. ತೋಟದ ದೊರೆಗಳಿಗೆ ಕುದುರೆ ಮಾರಲು ಇಲ್ಲಿ ಒಂದು ಬಂಗಲೆ, ಒಂದು ಲಾಯ, ಲಾಯದ ಹಿಂದೆ ಎರಡು ಕೋಣೆಯ ಹೆಂಚಿನ ಮನೆ. ಆ ಹೆಂಚಿನ ಮನೆಯಲ್ಲಿ ನಾವಿದ್ದೆವು. ಮದುವೆಯಾಗಿ ನಾನು ಬಂದದ್ದೇ ಅಲ್ಲಿಗೆ. ನಮ್ಮ ಒಂದೇ ಮಗು ಅಲ್ಲಿಯೇ ಹುಟ್ಟಿ ಅಲ್ಲಿಯೇ ಹೋಯಿತು. ಹಿತ್ತಿಲಲ್ಲಿ, ಕಿತ್ತಳೆ ಗಿಡದ ಕೆಳಗೆ ಮಲಗಿಸಿದ್ದೇವೆ. ಅದಕ್ಕೇ ಆ ಮನೆ ನನಗೆ ಬೇಕಿತ್ತು. ಬೇರೆ ಯಾವ ಮನೆಯೂ ಬೇಡವಾಗಿತ್ತು.

ಈಗ ಆಗಾ ಸಾಹೇಬರ ಜನರ ಒಂದು ರೀತಿ ಹೇಳಬೇಕು. ಅದು ಗೊತ್ತಾಗದೆ ಮುಂದಿನದು ತಿಳಿಯುವುದಿಲ್ಲ.

ಅವರಲ್ಲಿ ತಾರುಫ್ ಅಂತ ಒಂದಿದೆ. ಯಾರಾದರೂ ಅವರ ವಸ್ತುವನ್ನು ಚೆನ್ನಾಗಿದೆ ಅಂದರೆ 'ಪೇಶ್ಕಶ್' ಅನ್ನುತ್ತಾರೆ. ನಿಮಗೇ ಕಾಣಿಕೆ, ತಗೊಳ್ಳಿ ಅಂತ. ಕುದುರೆಗೆ ಏನು ಬೆಲೆ ಅಂತ ಕೇಳಿದರೆ 'ನಿಮ್ಮ ಮುಂದೆ ಇದೆಂಥದ್ದು, ಇದಕ್ಕೆ ಬೆಲೆಯೇ ಇಲ್ಲ' ಅನ್ನುತ್ತಾರೆ. ಅದು ಸುಳ್ಳಲ್ಲ. ಹಾಗಂತ ನಿಜವೂ ಅಲ್ಲ. ಮರ್ಯಾದೆ. ಎದುರಿನವನು ಛೆ ಛೆ, ಹೇಗಾಗುತ್ತೆ, ಹೇಳಿ ಅನ್ನಬೇಕು. ಅವರು ಇನ್ನೊಂದು ಸಲ ಬೆಲೆಯಿಲ್ಲ ಅನ್ನುತ್ತಾರೆ. ಇವನು ಇನ್ನೊಂದು ಸಲ ಕೇಳಬೇಕು. ಆಮೇಲೆ ಬೆಲೆ ಹೊರಗೆ ಬರುತ್ತದೆ. ಗಟ್ಟಿ ಬೆಲೆಯೇ ಬರುತ್ತದೆ.

ಲಾಳ ಕಟ್ಟುವ ಕರಿಯನಿಗೆ ಇದು ಗೊತ್ತಿರಲಿಲ್ಲ. ಒಂದು ದಿನ ಆಗಾ ಸಾಹೇಬರ ಬೆರಳಲ್ಲಿದ್ದ ನೀಲಿ ಕಲ್ಲಿನ ಉಂಗುರ ನೋಡಿ, ಎಂಥ ಬಣ್ಣ ಸಾಹೇಬರೇ ಅಂದ. ಅವರು ಕಳಚಿ ಪೇಶ್ಕಶ್ ಅಂತ ಮುಂದೆ ಹಿಡಿದರು. ಕರಿಯ ಹಾಕಿಕೊಂಡ. ಕೈ ಮುಗಿದ. ಮನೆಗೆ ಹೋದ. ಅದು ಅವರ ಅಪ್ಪನ ಉಂಗುರ. ಆಗಾ ಸಾಹೇಬರ ಮುಖದಲ್ಲಿ ಒಂದು ಗೆರೆಯೂ ಆಚೀಚೆ ಆಗಲಿಲ್ಲವಂತೆ. ಆಮೇಲೂ ಕರಿಯನಿಗೆ ಕೆಲಸ ಕೊಟ್ಟರು, ಮೊದಲಿಗಿಂತ ನಯವಾಗಿ ಮಾತಾಡಿಸಿದರು. ಆದರೆ ಲಾಯದ ಕಟ್ಟೆಯ ಮೇಲೆ ಅವನ ಪಕ್ಕ ಇನ್ನು ಕೂರಲಿಲ್ಲ. ಕರಿಯ ಬಹಳ ಕಾಲ ಆ ಉಂಗುರ ತಿರುಗಿಸಿಕೊಂಡು, ಪಾರಸಿಯವರಷ್ಟು ಧಾರಾಳ ಜನ ಭೂಮಿ ಮೇಲಿಲ್ಲ ಅನ್ನುತ್ತಿದ್ದ.

ಮಾದನಿಗೆ ಇದನ್ನು ಕಲಿಸಿದವರು ಆಗಾ ಸಾಹೇಬರ ತಾಯಿ, ಮುದುಕಿ ಬೀಬಿ. ಅವನು ಆ ಮನೆ ಸೇರಿದ ಹೊಸದರಲ್ಲಿ ಬೀಬಿ ಗಾಜಿನ ಲೋಟದಲ್ಲಿ ಚಾ ಕೊಟ್ಟರಂತೆ. ಇವನು ನಾಚಿಕೆಗೆ ಬೇಡ ಅಂದ. ತಗೋ ಅಂದರು. ಬೇಡ ಅಂದ. ಮೂರನೇ ಸಲ ಅವರು ತಗೋ ಅನ್ನಲೇ ಇಲ್ಲ. ಲೋಟಕ್ಕೆ ಸಕ್ಕರೆ ಗಟ್ಟಿಯನ್ನೂ ಜೊತೆ ಮಾಡಿ ಕೈಯಲ್ಲಿ ಹಿಡಿದು ನಿಂತೇ ಇದ್ದರು. ಇವನು ಮತ್ತೆ ಬೇಡ ಅನ್ನಲು ಬಾಯಿ ತೆರೆದಾಗ ಬೀಬಿ ಹರಕು ಕನ್ನಡದಲ್ಲಿ ಹೇಳಿದರು, ಈಗ ಬೇಡ ಅಂದರೆ ನನ್ನ ಮುಖಕ್ಕೆ ಉಗಿದ ಹಾಗೆ. ಇವನು ಗಟಗಟ ಕುಡಿದು ನಾಲಗೆ ಸುಟ್ಟುಕೊಂಡ. ಬೀಬಿ ನಕ್ಕು ಕೂರಿಸಿಕೊಂಡು ಹೇಳಿಕೊಟ್ಟರು. ನೀನು ನನ್ನ ಮಗನ ಚೀಟಿ ಹೊತ್ತು ಊರೆಲ್ಲ ತಿರುಗುವವನು, ನಿನಗೆ ಇದು ಗೊತ್ತಿರಲಿ ಅಂತ.

ಚೀಟಿ ಹೊತ್ತು ತಿರುಗಿಯೇ ಅವನು ಪಳಗಿದ. ಆಗಾ ಸಾಹೇಬರು ದೊರೆಗೆ ಊಟಕ್ಕೆ ಕರೆದು ಚೀಟಿ ಬರೆಯುವರು. ದೊರೆ, ಆಗುವುದಿಲ್ಲ, ಉಪಕಾರ ಅಂತ ಒಂದು ಸಾಲು ಬರೆದು ಕಳಿಸುವನು. ಆಗಾ ಸಾಹೇಬರು ಅದನ್ನು ಮರ್ಯಾದೆಯ ಬೇಡ ಅಂತ ತಿಳಿದು ಇನ್ನೊಂದು ಚೀಟಿ. ಅದರ ಮೇಲೆ ಇನ್ನೊಂದು. ಆ ಹೊತ್ತಿಗೆ ದೊರೆ ಕೆಂಪಾಗಿ, ನಿನ್ನ ಧಣಿಗೆ ನನ್ನ ಅಕ್ಷರ ಓದಲು ಬರುವುದಿಲ್ಲವೋ ಅಂತ ಮಾದನ ಮೇಲೆ ಹಾಯುವನು. ಆಮೇಲೆ ಮಾದನೇ ಆಗಾ ಸಾಹೇಬರಿಗೆ ಹೇಳಿದ, ದೊರೆಗಳು ಒಂದು ಸಲ ಬೇಡ ಅಂದರೆ ಅದು ಬೇಡವೇ ಸಾಹೇಬರೇ, ಅವರಲ್ಲಿ ಒಂದೇ ಬೇಡ ಇರುವುದು. ಆಗಾ ಸಾಹೇಬರಿಗೆ ದೊರೆಗಳ ಮೇಲೆ ಬಹಳ ಮರುಕವಾಯಿತಂತೆ.

ದೊಡ್ಡ ಯುದ್ಧ ಮುಗಿದ ಮೇಲೆ ದೊರೆಗಳು ಮೋಟಾರು ತಂದರು. ಕುದುರೆ ಕೇಳುವವರು ಇಲ್ಲವಾದರು. ಬೀಬಿ ಅದಾಗಲೇ ತೀರಿಕೊಂಡಿದ್ದರು. ಆಗಾ ಸಾಹೇಬರು ಬಂಗಲೆ ಮಾರಿದರು, ಉಳಿದ ಕುದುರೆಗಳನ್ನು, ಕಾಲು ಕುಂಟುತ್ತಿದ್ದ ಬೂದು ಕುದುರೆಯನ್ನೂ, ಕರೆದುಕೊಂಡು ಬೆಂಗಳೂರಿಗೆ ಹೋದರು. ಲಾಯ ಮತ್ತು ಅದರ ಹಿಂದಿನ ನಮ್ಮ ಮನೆ ಮಾತ್ರ ಉಳಿಯಿತು. ಅದನ್ನೂ ಮಳೆಗಾಲದೊಳಗೆ ಯಾರೋ ಕೊಳ್ಳುತ್ತಾರೆ ಅಂತ ಪೇಟೆಯಲ್ಲಿ ಸುದ್ದಿ. ಮಾರಿದರೆ ನಮಗೆ ಚೆಟ್ಟಳ್ಳಿ ಕಡೆ ಎಸ್ಟೇಟಿನ ಕೂಲಿಯಾಳುಗಳ ಲೈನುಮನೆಯೇ ಗತಿ. ಲೈನಿಗೆ ಹೋಗಲು ನನಗೆ ಭಯವಿಲ್ಲ. ಕಿತ್ತಳೆ ಗಿಡವನ್ನು ಹೊತ್ತುಕೊಂಡು ಹೋಗಲು ಆಗುವುದಿಲ್ಲವಲ್ಲ.

ಆಗ ಮೊದಲನೆಯ ಕಾರ್ಡು ಬಂತು. ಆಗಾ ಸಾಹೇಬರು ಹೇಳಿ ಗುಮಾಸ್ತನ ಕೈಲಿ ಕನ್ನಡದಲ್ಲಿ ಬರೆಸಿದ್ದು. ಚಿಕ್ಕದು. 'ಮಾದ, ಆ ಮನೆ ಯಾರದು ಅಂತ ಚಿಂತೆ ಮಾಡಬೇಡ. ಅದು ನಿನ್ನದೇ. ನನ್ನದೇನಿದ್ದರೂ ನಿನ್ನದೇ. ನಿನ್ನ ದುಡಿಮೆಯ ಮುಂದೆ ಅದು ಏನೂ ಅಲ್ಲ.'

ನಾನು ಸೌಟು ಹಿಡಿದೇ ಗಟ್ಟಿಯಾಗಿ ಓದಿ ಮುಗಿಸಿದೆ. ಮಾದ ಒಲೆಯ ಮುಂದೆ ಕೂತು ಇನ್ನೊಂದು ಸಲ ಓದು ಅಂದ. ಓದಿದೆ. ಒಂದು ಹೊಸ ಕಾರ್ಡು ತೆಗಿ, ಬೇಡ ಅಂತ ಬರಿ ಅಂದ.

ನಾನು ಸೌಟು ಕೆಳಗಿಟ್ಟೆ. ತಲೆ ಕೆಟ್ಟಿದೆಯಾ ನಿನಗೆ ಅಂತ ಕೇಳಿದೆ.

"ಕೆಟ್ಟಿಲ್ಲ ಸುಬ್ಬಿ. ನೀ ಈ ಕಾರ್ಡನ್ನ ಇನ್ನೊಂದ್ಸಲ ನೋಡು. ಇದಕ್ಕೆ ಹಿಡಿ ಎಲ್ಲಿದೆ?"

ಎಂಥ ಹಿಡಿ ಅಂದೆ. ಅವನು ಹೇಳಿದ. ಕೊಡಬೇಕು ಅಂತಲೇ ಬರೆದವನು ಯಾವ ದಿನ, ಯಾರ ಕೈಲಿ, ಹೇಗೆ ಅಂತ ಬರೆಯುತ್ತಾನೆ. ಇದರಲ್ಲಿ ದಿನವಿಲ್ಲ, ಬೀಗದ ಕೈ ಸುದ್ದಿಯಿಲ್ಲ, ಕಚೇರಿಯ ಹೆಸರಿಲ್ಲ. ಎಲ್ಲವೂ ನಿನ್ನದೇ ಅಂದರೆ ಯಾವುದೂ ನಿನ್ನದಲ್ಲ ಅಂತಲೂ ಆಗಬಹುದು. ಇದು ಬೀಬಿ ಮೊದಲನೇ ಸಲ ಚಾ ಹಿಡಿದ ಹಾಗೆ. ಇದಕ್ಕೆ ಹೂಂ ಅಂದರೆ ನಾನು ಕರಿಯನ ಸಾಲಿಗೆ ಸೇರುತ್ತೇನೆ. ಮನೆ ಸಿಗಬಹುದು, ಆಗಾ ಸಾಹೇಬರು ಮಾತಿಗೆ ಸಿಕ್ಕಿಬಿದ್ದು ಕೊಟ್ಟೇ ಬಿಡುತ್ತಾರೆ. ಅಂಥ ಮನೆಯಲ್ಲಿ ನಾನು ಮಲಗುವುದಿಲ್ಲ.

ಮತ್ತೆ ನಿಜಕ್ಕೂ ಕೊಡುವವರಾಗಿದ್ದರೆ, ಬೇಡ ಅಂದದ್ದಕ್ಕೆ ಸರಿ ಅಂತ ಬಿಟ್ಟರೆ ಏನು ಮಾಡುತ್ತೀ ಅಂತ ಕೇಳಿದೆ.

"ನಿಜಕ್ಕೂ ಕೊಡೋರು ಒಂದು ಬೇಡಕ್ಕೆ ಬಿಡಲ್ಲ. ಬಿಟ್ರೆ ಅದು ಬರೀ ಮಾತಾಗಿತ್ತು ಅಂತ ಲೆಕ್ಕ. ಅವರ ಮುಖವೂ ಉಳೀತು, ನಂದೂ ಉಳೀತು. ಮೊದಲನೇ ಬೇಡ ಅಂದ್ರೆ ಅವರಿಗೆ ಹಿಂದೆ ಹೋಗೋಕೆ ದಾರಿ ಬಿಟ್ಟುಕೊಡೋದು."

ಮುಖ ಇಟ್ಟುಕೊಂಡು ಲೈನಿನಲ್ಲಿ ಏನು ಮಾಡುತ್ತೀ ಅಂದೆ. ಅವನು ಮಸಿ ಕುಡಿಕೆಯನ್ನು ನನ್ನ ಮುಂದೆ ಸರಿಸಿದ. ನಾನು ಬರೆದೆ. ಅವನು ಒಂದೊಂದು ಮಾತನ್ನೂ ತೂಗಿ ಹೇಳಿದ. 'ಸಾಹೇಬರಿಗೆ ಮಾದನ ನಮಸ್ಕಾರ. ಇಷ್ಟು ದೊಡ್ಡದು ನನಗೆ ಹೇಗೆ. ನಿಮ್ಮ ಕುದುರೆಯ ಕಾಲಧೂಳು ನನಗೆ ಸಾಕು. ನಿಮಗೆ ತೊಂದರೆ ಬೇಡ.' ಬೇರೆ ಕಡೆ ಮನೆ ನೋಡಿದ್ದೇನೆ ಅಂತ ಬರೆಯಲಾ, ಅದು ಸ್ವಲ್ಪ ಮರ್ಯಾದೆಯಾಗಿ ಕಾಣುತ್ತದೆ ಅಂತ ಕೇಳಿದೆ. ಅವನು ನನ್ನ ಕೈ ಹಿಡಿದು ನಿಲ್ಲಿಸಿದ. ಕಾರಣ ಹಾಕಬೇಡ ಅಂದ. ಕಾರಣ ಹಾಕಿದರೆ ಅದು ನಿಜವಾದ ಬೇಡ. ಆಮೇಲೆ ಅವರು ಕೇಳುವ ಹಾಗಿಲ್ಲ. ಬರೀ ತೊಂದರೆ ತೊಂದರೆ ಅಂದರೆ ಬಾಗಿಲು ಓರೆ ಮಾಡಿ ಇಟ್ಟ ಹಾಗೆ.

ಕಾರ್ಡು ಹೋಯಿತು. ಪಕ್ಕದ ಮನೆಯ ಹೆಂಗಸು ದೊಡ್ಡಿಗೆ ನಾನೇ ಹೇಳಿದೆ, ಅವಳು ಊರಿಗೆಲ್ಲ ಹೇಳಿದಳು. ಬಾವಿಕಟ್ಟೆಯಲ್ಲಿ ಹೆಂಗಸರು ನನ್ನನ್ನು ನೋಡಿ ಅಯ್ಯೋ ಪಾಪ ಅಂದರು. ಕರಿಯ ಉಂಗುರ ತಿರುಗಿಸಿಕೊಂಡು ಬಂದು, "ಏನೋ ಮಾದ, ಮನೆ ಬೇಡ್ವಂತೆ ನಿಂಗೆ. ನಾನಾಗಿದ್ರೆ ಕಾರ್ಡು ಓದೋ ಮೊದ್ಲೇ ಕೋಳಿ ಗೂಡು ಕಟ್ಟಿರ್ತಿದ್ದೆ" ಅಂದ. ಮಾದನೂ ನಕ್ಕ. ನಾನು ನಗಲಿಲ್ಲ.

ಎರಡನೆಯ ಕಾರ್ಡು ಬೇಗ ಬಂತು. 'ಮಾದ, ಹಾಗೆ ಬರೆದು ನನ್ನ ಮನಸ್ಸು ನೋಯಿಸಬೇಡ. ಮನೆ ನಿನ್ನದು ಅಂದಿದ್ದೇನೆ. ಹಿಂದಿನ ಕೋಣೆಯ ಮೂಲೆಯಲ್ಲಿ ಹೆಂಚು ಸೋರುತ್ತಿತ್ತು. ಮಳೆ ಹಿಡಿಯುವ ಮೊದಲು ಬದಲಾಯಿಸಿಕೋ.'

ಇದನ್ನು ಕೇಳಿ ಅವನ ಕಣ್ಣು ಅರಳಿತು. ಹೆಂಚು ಅಂದರಾ, ಹೆಂಚು ಅಂತ ಇದೆಯಾ ಅಂತ ಬೆರಳಿಟ್ಟು ತೋರಿಸಲು ಹೇಳಿದ. ತೋರಿಸಿದೆ. ಓದಲು ಬಾರದವನು ಆ ಅಕ್ಷರಗಳನ್ನು ಹೆಬ್ಬೆರಳಲ್ಲಿ ಸವರಿದ. ಸೋರುವ ಹೆಂಚು ನೆನಪಿಟ್ಟವರು ಮನೆಯನ್ನು ಕಣ್ಣಲ್ಲಿ ಕಂಡು ಬರೆದಿದ್ದಾರೆ ಅಂದ. ಬರೀ ಮಾತಿಗೆ ಹೆಂಚು ಬೇಕಾಗುವುದಿಲ್ಲ.

ಹಾಗಾದರೆ ಹೂಂ ಅಂತ ಬರೆಯುತ್ತೇನೆ ಅಂತ ಲೇಖನಿ ಅದ್ದಿದೆ.

ಇನ್ನೂ ಇಲ್ಲ ಅಂದ. ಇನ್ನೂ ಒಂದು ಬೇಡ ಇದೆ. ಆದರೆ ಇದು ಮೊದಲನೆಯದರ ಹಾಗೆ ಇರಬಾರದು, ಮೆತ್ತಗಿರಬೇಕು. ಎರಡನೆಯದೂ ಅಷ್ಟೇ ಬಿರುಸಾದರೆ ಇವನಿಗೆ ನಿಜಕ್ಕೂ ಬೇಡ ಅಂತ ತಿಳಿದು ಕೈಬಿಡುತ್ತಾರೆ. ಅವರಿಗೆ ಹಿಡಿದುಕೊಳ್ಳಲು ಏನಾದರೂ ಒಂದು ಬಿಟ್ಟಿರಬೇಕು. ಅವನು ಹೇಳಿದ್ದನ್ನು ಹೀಗೆ ಬರೆದೆ. 'ಸಾಹೇಬರೇ, ನಿಮ್ಮ ಮಾತಿನ ಮುಂದೆ ನನಗೆ ಬಾಯಿಲ್ಲ. ನಾಚಿಕೆಯಾಗುತ್ತದೆ. ಹೆಂಚು ಹೊದಿಸಿದ್ದೇನೆ. ಹಿತ್ತಿಲ ಗಿಡ ಈ ವರ್ಷ ಚೆನ್ನಾಗಿ ಹೂ ಬಿಟ್ಟಿದೆ. ಬೂದು ಕುದುರೆಯ ಕಾಲು ವಾಸಿಯಾಯಿತೇ.' ಬೇಡ ಅನ್ನುವ ಪದ ಅದರಲ್ಲಿ ಎಲ್ಲೂ ಇಲ್ಲ. ಬೇಕು ಅಂತಲೂ ಇಲ್ಲ. ಅವತ್ತೇ ಏಣಿ ಹಾಕಿ ಹೆಂಚು ಹೊದಿಸಿದ. ಸುಳ್ಳು ಬರೆದ ಹಾಗೆ ಆಗಬಾರದಲ್ಲ ಅಂದ.

ಆಮೇಲೆ ಏನೂ ಬರಲಿಲ್ಲ.

ಮಳೆ ಹಿಡಿಯಿತು. ತಪಾಲಿನವನು ಮಳೆಗೆ ಎಲೆಯ ಗೊರಬೆ ಹೊದ್ದು ನಮ್ಮ ಮನೆ ದಾಟಿ ಹೋಗುವನು. ನಾನು ಬಾಗಿಲಲ್ಲಿ ನಿಂತಿರುವುದನ್ನು ನೋಡಿ ಮೊದಮೊದಲು ತಲೆ ಅಲ್ಲಾಡಿಸುತ್ತಿದ್ದ, ಆಮೇಲೆ ಆ ಕಡೆ ಮುಖ ತಿರುಗಿಸಿಕೊಂಡು ಹೋಗಲು ಶುರುಮಾಡಿದ. ಮಳೆ ಬಿಟ್ಟ ಒಂದು ಬೆಳಗ್ಗೆ ಸರ್ವೆಯವನೊಬ್ಬ ಬಂದು ಲಾಯದಿಂದ ಹಿತ್ತಿಲ ತನಕ ಸರಪಳಿ ಹಿಡಿದು ಅಳೆದ. ಯಾರಿಗೆ ಅಳೆಯುವುದು ಅಂದರೆ, ಅಳೆ ಅಂದರು, ಅಳೆಯುತ್ತಿದ್ದೇನೆ ಅಂದ. ಸರಪಳಿ ಕಿತ್ತಳೆ ಗಿಡದ ಬುಡಕ್ಕೆ ತಾಗಿಕೊಂಡು ಹೋಯಿತು. ನಾನು ಒಳಗೆ ಹೋಗಿ ಪಾತ್ರೆಗಳನ್ನು ಮೂಟೆ ಕಟ್ಟಲು ಕೂತೆ.

ಮಾದ ಬಂದು ಮೂಟೆ ನೋಡಿದ. ನಾನು ಖಾಲಿ ಕಾರ್ಡೊಂದನ್ನು ಅವನ ಮುಂದೆ ಎಸೆದೆ. ಮನೆ ಬೇಕು ಅಂತ ಹೇಳು, ಈಗಲೇ ಬರೆಯುತ್ತೇನೆ ಅಂದೆ. ಹೋಗಿ ಕಾಲು ಹಿಡಿಯುವುದಾದರೆ ಬೆಂಗಳೂರಿಗೆ ನಡೆದಾದರೂ ಹೋಗು ಅಂದೆ. ಮಗುವಿನ ಹೆಸರೂ ಎತ್ತಿದೆ.

ಅವನು ಕಾರ್ಡು ಹೆಕ್ಕಿ ಗೂಡಿನಲ್ಲಿಟ್ಟ. ಅವನ ಮುಖ ಬಾಡಿತ್ತು. ಅವನಿಗೂ ಹೆದರಿಕೆಯಿತ್ತು ಅಂತ ನನಗೆ ಅವತ್ತೇ ಗೊತ್ತಾದದ್ದು.

"ನಾವಾಗಿ ಕೇಳಿದ್ರೆ ಅದು ಭಿಕ್ಷೆ ಆಗುತ್ತೆ ಸುಬ್ಬಿ. ಈಗ ಮಾತು ಅವರ ಕೈಲಿದೆ. ಬರೀ ಮಾತಾಗಿದ್ರೆ ಇನ್ನೊಂದು ನಯದ ಕಾರ್ಡು ಇಷ್ಟೊತ್ತಿಗೆ ಬಂದಿರೋದು. ಬರೀ ಮಾತಿಗೆ ಹೊತ್ತು ಬೇಡ, ಕೊಡೋ ಕೆಲಸಕ್ಕೆ ಹೊತ್ತು ಬೇಕು."

ಮೂಟೆ ಬಿಚ್ಚಲಿಲ್ಲ. ಅದರಿಂದಲೇ ಒಂದು ಪಾತ್ರೆ ತೆಗೆದು ಗಂಜಿ ಬೇಯಿಸುತ್ತಿದ್ದೆ, ತೊಳೆದು ಮತ್ತೆ ಅದರಲ್ಲೇ ತುಂಬುತ್ತಿದ್ದೆ.

ಮೂರನೆಯ ಕಾರ್ಡನ್ನು ತಪಾಲಿನವನು ದೂರದಿಂದಲೇ ಎತ್ತಿ ಹಿಡಿದು ಬಂದ. ಗೊರಬೆಯೊಳಗೆ ಇಟ್ಟಿದ್ದರಿಂದ ಒದ್ದೆಯಾಗಿರಲಿಲ್ಲ. ದೊಡ್ಡಿ ಬಂದಳು, ಕರಿಯನೂ ಬಂದ. ಎಲ್ಲರ ಮುಂದೆ ಓದಿದೆ.

'ಮಾದ, ನನ್ನ ತಾಯಿಯ ಆಣೆ, ನನ್ನ ತಲೆಯ ಆಣೆ, ಇನ್ನು ತಾರುಫ್ ಇಲ್ಲ. ಬರುವ ಸೋಮವಾರ ನನ್ನ ವಕೀಲರು ಮಡಿಕೇರಿಯ ಕಚೇರಿಗೆ ಬರುತ್ತಾರೆ. ಬೆಳಗ್ಗೆ ಅಲ್ಲಿ ನಿಂತಿರು. ಲಾಯ, ಮನೆ, ಹಿತ್ತಿಲು ನಿನ್ನ ಹೆಸರಿಗೆ ಆಗುತ್ತದೆ. ಅಳತೆಗೆ ಜನ ಕಳಿಸಿದ್ದೆ, ಬಂದಿರಬೇಕು. ಕಾಗದ ಮಾಡಿಸಲು ತಡವಾಯಿತು, ಕ್ಷಮಿಸು. ಬೂದು ಕುದುರೆ ಚೆನ್ನಾಗಿದೆ.'

ಆ ಸರಪಳಿ ನಮಗೇ ಹಿಡಿದದ್ದು. ನಾನು ಹೊಸ್ತಿಲ ಮೇಲೆ ಕೂತುಬಿಟ್ಟೆ. ಮಾದ ಗೋಡೆಗೆ ಒರಗಿ ನಿಂತಿದ್ದ. ದಿನ ಇದೆ, ಕಚೇರಿ ಇದೆ, ವಕೀಲರಿದ್ದಾರೆ, ಆಣೆ ಇದೆ ಅಂತ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ. ಆಮೇಲೆ ಅವನ ಬಾಯಿ ಕಿವಿಯ ತನಕ ಹೋಯಿತು. ಅಷ್ಟು ದೊಡ್ಡ ನಗೆ ಅವನಲ್ಲಿ ನಾನು ಮೊದಲು ನೋಡಿರಲಿಲ್ಲ.

ನನಗೂ ಜೀವ ಬಂತು. ಲೇಖನಿ ತೆಗೆದು, ಏನು ಬರೆಯಲಿ, ತೊಂದರೆ ಬೇಡ ಅಂತಲಾ ಅಂದೆ.

"ಏ ಮಾರಾಯ್ತಿ, ಇನ್ನು ಬೇಡ ಅಂದ್ರೆ ಕಪಾಳಕ್ಕೆ ಹೊಡೆದ ಹಾಗೆ. ತಲೆಯಾಣೆ ಹಾಕಿದ ಮೇಲೆ ಮುಗೀತು. ಈಗ ಹೂಂ ಅನ್ನೋಕೂ ತಡ ಮಾಡಬಾರದು."

ಕರಿಯ ತನ್ನ ಉಂಗುರ ನೋಡಿಕೊಂಡ. ಅಂದರೆ ನನಗೆ ಉಂಗುರ ಕೊಟ್ಟಾಗ ಅವರು ಆಣೆ ಹಾಕಿರಲಿಲ್ಲ ಅಲ್ವಾ ಅಂತ ಕೇಳಿದ. ಮಾದ ಅವನ ಹೆಗಲ ಮೇಲೆ ಕೈ ಹಾಕಿ, ನಿನ್ನ ಬೆರಳಿಗೆ ಚೆನ್ನಾಗಿ ಕಾಣುತ್ತೆ ಬಿಡು ಅಂದ.

ಹೂಂ ಅಂದದ್ದೂ ಒಂದು ರೀತಿಯಲ್ಲೇ. 'ನಿಮ್ಮ ಕೈ ನೋಯದಿರಲಿ ಸಾಹೇಬರೇ. ನಿಮ್ಮ ನೆರಳು ನಮ್ಮ ಮೇಲಿರಲಿ. ಸೋಮವಾರ ನಿಂತಿರುತ್ತೇನೆ.' ಕೈ ನೋಯದಿರಲಿ ಅನ್ನುವುದು ಅವರ ಮಾತು. ಉಪಕಾರ ಅಂತ ಹೇಳುವುದಕ್ಕೆ ಬದಲು ಹೇಳುತ್ತಾರೆ. ಕೊಟ್ಟ ಕೈಯನ್ನು ನೆನೆಯುವುದು.

ಸೋಮವಾರ ಮಾದ ಒಗೆದ ಬಟ್ಟೆ ಹಾಕಿಕೊಂಡು ಹೊರಟ. ನಾನೂ ಹೋದೆ. ಕಚೇರಿಯ ಮೆಟ್ಟಿಲಲ್ಲಿ ಪೇದೆ, ಯಾರು ನೀವು ಅಂತ ತಡೆದ. ಮಾದ, ಮನೆಯವರು ಅಂದ. ಯಾವ ಮನೆಯವರು ಅಂತ ಪೇದೆ ಕೇಳಿದ. ಲಾಯದ ಮನೆಯವರು ಅಂದ, ಸ್ವಲ್ಪ ಗಟ್ಟಿಯಾಗಿಯೇ. ಹೆಬ್ಬೆಟ್ಟು ಒತ್ತಿ ಬಂದ ಆ ಮಸಿಯನ್ನು ಸಂಜೆಯ ತನಕ ತೊಳೆಯಲಿಲ್ಲ. ಪೇಟೆ ಬೀದಿಯ ನಡುವೆ ನಡೆದುಕೊಂಡೇ ಬಂದೆವು. ಮನೆಗೆ ಬಂದು ಮೂಟೆ ಬಿಚ್ಚಿ, ಪಾತ್ರೆಗಳನ್ನು ಒಂದೊಂದಾಗಿ ಅದರದರ ಜಾಗದಲ್ಲಿಟ್ಟೆ. ಗಿಡ ಹಣ್ಣಾದಾಗ ಮೊದಲನೇ ಬುಟ್ಟಿ ಕಿತ್ತಳೆ ಬೆಂಗಳೂರಿಗೆ ಹೋಯಿತು. ಆಗಾ ಸಾಹೇಬರು ಯಾಕೆ ತೊಂದರೆ ತೆಗೆದುಕೊಂಡೆ ಅಂತ ಬರೆದರು. ಕಾರಣ ಹಾಕಿರಲಿಲ್ಲ. ಅದಕ್ಕೆ ಪ್ರತಿ ವರ್ಷ ಕಳಿಸಿದೆವು.

ಈಗ ಮಾದ ಇಲ್ಲ. ಆಗಾ ಸಾಹೇಬರೂ ಹೋಗಿ ವರ್ಷಗಳಾದವು. ಮಾದ ಹೋದ ಸುದ್ದಿ ತಿಳಿದು ಅವರ ಮಗ ಕಾರ್ಡು ಬರೆದರು. 'ಅಮ್ಮ, ನೀವು ಒಬ್ಬರೇ ಅಲ್ಲಿ ಇರಬೇಡಿ. ನಮ್ಮ ಮನೆಯಲ್ಲಿ ನಿಮಗೆ ಕೋಣೆ ತೆರವು ಮಾಡಿಸಿದ್ದೇನೆ. ಶುಕ್ರವಾರದ ಬಸ್ಸಿಗೆ ನಮ್ಮ ಆಳು ಬಂದು ಕರೆದುಕೊಂಡು ಬರುತ್ತಾನೆ.'

ನಾನು ಹಿಡಿ ಹುಡುಕಿದೆ. ಕೋಣೆ ಇತ್ತು, ದಿನ ಇತ್ತು, ಬಸ್ಸು ಇತ್ತು, ಆಳು ಇದ್ದ. ಮೊದಲನೇ ಕಾರ್ಡಿನಲ್ಲೇ ಎಲ್ಲ ಇತ್ತು. ಆ ಹುಡುಗ ನಿಜವಾಗಿ ಕರೆದದ್ದು. ನಿಜವಾಗಿ ಕರೆದವರಿಗೆ ತೊಂದರೆ ಬೇಡ ಅಂತ ಬರೆದು ಸುಮ್ಮನೆ ಸುತ್ತಿಸಬಾರದು. ಶುಕ್ರವಾರ ಆಳು ಬಂದು ಬರಿಗೈಯಲ್ಲಿ ಹೋಗಬಾರದು. ಅದಕ್ಕೆ ಕಾರಣ ಹಾಕಿ ಬರೆದೆ. ಹೇಳಿಕೊಡುವವನು ಪಕ್ಕದಲ್ಲಿ ಇಲ್ಲದೆ ಬರೆದದ್ದು ಅದೇ ಮೊದಲು.

'ನಿಮ್ಮ ಕೈ ನೋಯದಿರಲಿ ಮಗನೇ. ನಾನು ಬರುವುದಿಲ್ಲ. ಹಿತ್ತಿಲಲ್ಲಿ ಮಗುವಿನ ಪಕ್ಕ ಮಾದ ಇದ್ದಾನೆ. ಮನೆ ಅವನು ಗೆದ್ದದ್ದು. ಗಿಡಕ್ಕೆ ಈ ವರ್ಷವೂ ಕಾಯಿ ಹಿಡಿದಿದೆ. ಹಣ್ಣಾದಾಗ ಬುಟ್ಟಿ ಕಳಿಸುತ್ತೇನೆ. ಬೇಡ ಅನ್ನಬೇಡಿ.'

ಅವರು ಎರಡನೇ ಕಾರ್ಡು ಬರೆದರು. ಬನ್ನಿ ಅಂತ ಅದರಲ್ಲಿ ಇರಲಿಲ್ಲ. ಬುಟ್ಟಿಗೆ ಕಾಯುತ್ತಿರುತ್ತೇನೆ ಅಂತ ಇತ್ತು.